2,7,8 ಸರಿಯೋ, 3,4,9 ಸರಿಯೋ: ಒಂದು ಕಿರುಪರೀಕ್ಷೆಯ ಪ್ರಕರಣ

ಇದು ಒಂದು ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ನಡೆದದ್ದು. ಊರು, ಕಾಲೇಜು, ಹೆಸರು ಯಾವುದೂ ಬೇಡ. ಪ್ರಥಮ ಪಿಯು ವಿಜ್ಞಾನದ ಎರಡು ಸೆಕ್ಷನ್‌ಗಳಿದ್ದವು. ಒಂದಕ್ಕೆ ಹಿರಿಯ ಉಪನ್ಯಾಸಕರೊಬ್ಬರು, ಇನ್ನೊಂದಕ್ಕೆ ಈಚೆಗೆ ಸೇರಿದ ಒಬ್ಬ ಮೇಡಂ ಪಾಠ ಮಾಡುತ್ತಿದ್ದರು. ಸಾವಯವ ರಸಾಯನದ ಮೊದಲ ಅಧ್ಯಾಯ ಮುಗಿದ ಮೇಲೆ ಎರಡೂ ಸೆಕ್ಷನ್‌ಗೆ ಸೇರಿಸಿ ಒಂದು ಕಿರುಪರೀಕ್ಷೆ ಇಟ್ಟರು. ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಹಿರಿಯರದ್ದು. ನಾನು ಅದೇ ವಿಭಾಗದಲ್ಲಿದ್ದೆ, ಆದರೆ ಆ ಎರಡು ಸೆಕ್ಷನ್‌ಗೂ ಪಾಠ ಮಾಡುತ್ತಿರಲಿಲ್ಲ. ಹಾಗಾಗಿ ಜಗಳ ಬಂದಾಗ ನೋಡಿ ಹೇಳಿ ಅಂತ ನನ್ನ ಮುಂದೆ ತಂದರು.

ಪ್ರಶ್ನೆಪತ್ರಿಕೆಯ ಮಾತುಗಳೆಲ್ಲ ಟೈಪ್ ಆಗಿದ್ದವು. ರಚನಾ ಸೂತ್ರಗಳನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದರು. ಇದು ಎಲ್ಲ ಕಡೆ ಇರುವ ಪದ್ಧತಿಯೇ. ರಚನೆ ಟೈಪ್ ಮಾಡಲು ಕೂತರೆ ಅರ್ಧ ದಿನ ಹೋಗುತ್ತದೆ, ಅದಕ್ಕೆ ಜಾಗ ಬಿಟ್ಟು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿಬಿಡುತ್ತಾರೆ. ಎರಡು ಅಂಕದ ಆ ಪ್ರಶ್ನೆಯಲ್ಲಿ ಇದ್ದದ್ದು ಈ ಅಣು. ಇದರ ಐಯುಪಿಎಸಿ ಹೆಸರು ಬರೆಯಬೇಕಿತ್ತು.

```
                       CH3
                       |
CH3-CH-CH2-CH2-CH2-CH2-CH-CH-CH3
    |                     |
    CH3                   CH2
                          |
                          CH3
```

ಹಿರಿಯರ ಕೀ ಉತ್ತರ 3,4,9-ಟ್ರೈಮೀಥೈಲ್‌ಡೆಕೇನ್. ಅಂಕ ಹಂಚಿಕೆಯೂ ಜೊತೆಗೇ ಇತ್ತು: ಉದ್ದದ ಸರಪಳಿ ಗುರುತಿಸಿದ್ದಕ್ಕೆ ಒಂದು, ಸಂಖ್ಯೆ ಕೊಟ್ಟಿದ್ದಕ್ಕೆ ಅರ್ಧ, ಹೆಸರು ಸರಿಯಾಗಿ ಬರೆದಿದ್ದಕ್ಕೆ ಅರ್ಧ.

ನಾಲ್ಕು ಉತ್ತರಗಳು

ಪತ್ರಿಕೆ ವಾಪಸ್ ಕೊಟ್ಟ ದಿನ ಮೇಡಂ ಸೆಕ್ಷನ್‌ನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಅವಳು ಬರೆದದ್ದು 2,7,8-ಟ್ರೈಮೀಥೈಲ್‌ಡೆಕೇನ್. ಅದಕ್ಕೆ ಅರ್ಧ ಅಂಕ ಕಡಿತವಾಗಿತ್ತು. ಅವಳ ಹಿಂದೆ ಇನ್ನೊಬ್ಬ ಹುಡುಗ ಬಂದ. ಅವನದು 2-ಈಥೈಲ್-3,8-ಡೈಮೀಥೈಲ್‌ನೋನೇನ್. ಅವನಿಗೆ ಸೊನ್ನೆ. ಎರಡೂ ಸೆಕ್ಷನ್‌ನ ಪತ್ರಿಕೆಗಳನ್ನು ತಿರುವಿ ಹಾಕಿದಾಗ ಮತ್ತೊಂದು ಉತ್ತರವೂ ಅಲ್ಲಲ್ಲಿ ಕಂಡಿತು, 2,3,8-ಟ್ರೈಮೀಥೈಲ್‌ನೋನೇನ್. ಅದಕ್ಕೂ ಸೊನ್ನೆಯೇ.

ಕೀ ಉತ್ತರವನ್ನೂ ಸೇರಿಸಿದರೆ ಒಂದೇ ಚಿತ್ರಕ್ಕೆ ನಾಲ್ಕು ಹೆಸರುಗಳಾದವು.

ಹುಡುಗನ ವಾದ ನನಗೆ ಇಷ್ಟವಾಯಿತು. "ಸಾರ್, ನನ್ನ ಹೆಸರು ನೋಡ್ಕೊಂಡು ಚಿತ್ರ ಬರೆದ್ರೆ ಇದೇ ಬರುತ್ತೆ. ಬೇಕಾದ್ರೆ ಬರೆದು ತೋರಿಸ್ತೀನಿ. ಮತ್ತೆ ತಪ್ಪು ಹೇಗೆ?" ಅಲ್ಲೇ ನಿಂತು ಬರೆದೂ ತೋರಿಸಿದ. ಒಂಬತ್ತು ಕಾರ್ಬನ್‌ನ ಸಾಲು, ಎರಡನೆಯದಕ್ಕೆ ಈಥೈಲ್, ಮೂರು ಮತ್ತು ಎಂಟಕ್ಕೆ ಮೀಥೈಲ್. ಪ್ರಶ್ನೆಪತ್ರಿಕೆಯ ಚಿತ್ರವನ್ನು ಬಲದಿಂದ ಎಡಕ್ಕೆ ತಿರುಗಿಸಿದರೆ ಅದೇ ಇದು.

ತಮಾಷೆ ಅಂದ್ರೆ, ಹಿರಿಯರು ತಮ್ಮ ಕೀ ಉತ್ತರವನ್ನು ಸಮರ್ಥಿಸಿಕೊಂಡದ್ದೂ ಇದೇ ದಾರಿಯಲ್ಲಿ. "ನಾನು ಕೀ ಬರೆದ ಮೇಲೆ ಹೆಸರಿಂದ ವಾಪಸ್ ರಚನೆ ಬರೆದು ನೋಡಿದ್ದೀನಿ. ಸರಿಯಾಗಿ ಕೂತಿದೆ" ಅಂದರು.

ಇಡೀ ಪ್ರಕರಣದ ಗಂಟು ಇಲ್ಲೇ ಇತ್ತು. ಹೆಸರಿಂದ ವಾಪಸ್ ಚಿತ್ರ ಬರೆದು ನೋಡುವುದು ನಾವೆಲ್ಲ ಮಕ್ಕಳಿಗೆ ಹೇಳಿಕೊಡುವ ಪರೀಕ್ಷೆ. ಅದು ಬೇಕು ಕೂಡ. ಆದರೆ ಅದು ಹೇಳುವುದು ಒಂದೇ ವಿಷಯ: ಈ ಹೆಸರು ಈ ಅಣುವನ್ನೇ ತೋರಿಸುತ್ತಿದೆಯಾ ಅಂತ. ಈ ಅಣುವಿಗೆ ನಿಯಮ ಒಪ್ಪುವ ಹೆಸರು ಇದೇನಾ ಅಂತ ಅದು ಹೇಳುವುದಿಲ್ಲ. ನಾಲ್ಕು ಹೆಸರಿಂದಲೂ ಚಿತ್ರ ಬರೆದೆವು. 2,7,8, 3,4,9 ಮತ್ತು ಈಥೈಲ್ ಇರುವ ನೋನೇನ್, ಈ ಮೂರರಿಂದಲೂ ಬಂದದ್ದು ಒಂದೇ ಅಣು, C13H28. ಅಂದರೆ ಮೂವರೂ ಚಿತ್ರವನ್ನು ಸರಿಯಾಗಿ ಓದಿದ್ದಾರೆ. ಅವರ ನಡುವಿನ ಜಗಳ ನಿಯಮದ್ದು. ನಾಲ್ಕನೆಯ ಹೆಸರಿಂದ ಬಂದದ್ದು ಮಾತ್ರ C12H26, ಬೇರೆಯೇ ಅಣು. ಅಲ್ಲಿನ ಸಮಸ್ಯೆ ಓದಿನದ್ದು. ಈ ಎರಡನ್ನೂ ಒಂದೇ ಕೆಂಪು ಗೆರೆಯಲ್ಲಿ ಹೊಡೆದು ಹಾಕಿದ್ದರಿಂದ ಯಾರಿಗೆ ಏನು ಗೊತ್ತಿಲ್ಲ ಅನ್ನುವುದೇ ತಿಳಿಯದೆ ಹೋಗಿತ್ತು.

ಕಾಣೆಯಾದ ಒಂದು ಕಾರ್ಬನ್

ಮೊದಲು ಸುಲಭದ್ದನ್ನು ಮುಗಿಸೋಣ ಅಂತ 2,3,8-ಟ್ರೈಮೀಥೈಲ್‌ನೋನೇನ್ ಬರೆದವರ ಪ್ರಶ್ನೆಪತ್ರಿಕೆಗಳನ್ನೇ ತರಿಸಿದೆವು. ಜೆರಾಕ್ಸ್ ನೋಡಿದ ಕೂಡಲೇ ಗೊತ್ತಾಯಿತು. ಕೆಳಗೆ ಇಳಿಬಿದ್ದ ಈಥೈಲ್‌ನ ಕೊನೆಯ CH3 ಮುಂದಿನ ಪ್ರಶ್ನೆಯ ಸಾಲಿಗೆ ಒತ್ತಿಕೊಂಡಿತ್ತು. ಕೆಲವು ಪ್ರತಿಗಳಲ್ಲಿ ಅದು ಮಾಸಿಹೋಗಿ, CH2 ಒಂದೇ ಕೆಳಗೆ ನೇತಾಡುತ್ತಿತ್ತು. ಮಕ್ಕಳು ಅದನ್ನು ಮೀಥೈಲ್ ಅಂತ ಓದಿಕೊಂಡಿದ್ದಾರೆ. ಹಾಗೆ ಓದಿದರೆ ಉದ್ದದ ಸರಪಳಿ ಒಂಬತ್ತೇ, ಬಲದಿಂದ ಎಣಿಸಿದರೆ 2,3,8. ಅವರು ಕಂಡ ಚಿತ್ರಕ್ಕೆ ಆ ಹೆಸರು ಪೂರ್ತಿ ಸರಿ.

ಆದರೂ ಇದು ಹಿಡಿಯಬಹುದಾದ ತಪ್ಪಾಗಿತ್ತು. ಮಾಸಿದ ಪ್ರತಿಯಲ್ಲಿರುವ ಅಕ್ಷರಗಳನ್ನೇ ಕೂಡಿಸಿ ನೋಡಿ. ನಾಲ್ಕು CH3, ಐದು CH2, ಮೂರು CH. ಕಾರ್ಬನ್ ಹನ್ನೆರಡು, ಹೈಡ್ರೋಜನ್ ಇಪ್ಪತ್ತೈದು. ಹನ್ನೆರಡು ಕಾರ್ಬನ್‌ನ ಆಲ್ಕೇನ್‌ಗೆ ಹೈಡ್ರೋಜನ್ ಇಪ್ಪತ್ತಾರು ಇರಬೇಕು. ಬರೀ ಕಾರ್ಬನ್, ಹೈಡ್ರೋಜನ್ ಇರುವ ಅಣುವಿನಲ್ಲಿ ಹೈಡ್ರೋಜನ್ ಬೆಸ ಸಂಖ್ಯೆಯಲ್ಲಿ ಬಂತು ಅಂದರೆ ಚಿತ್ರದಲ್ಲೇ ಏನೋ ಕಳಚಿದೆ ಅಂತ ಅರ್ಥ. ಪೂರ್ತಿ ಚಿತ್ರದಲ್ಲಿ ಐದು CH3, ಐದು CH2, ಮೂರು CH ಇವೆ. ಕಾರ್ಬನ್ 13, ಹೈಡ್ರೋಜನ್ 28. ಲೆಕ್ಕ ಕೂಡುತ್ತದೆ.

ಹೆಸರಿಡುವ ಮುಂಚೆ ಕಾರ್ಬನ್ ಎಣಿಸಿ ಪಕ್ಕದಲ್ಲಿ ಬರೆಯುವುದು, ಹೆಸರು ಬರೆದ ಮೇಲೆ ಹೆಸರಿನಲ್ಲಿರುವ ಕಾರ್ಬನ್ ಎಣಿಸುವುದು. ಇಷ್ಟು ಮಾಡಿದರೆ ಸಾಕು, ಓದಿನ ತಪ್ಪು ಬಹುಪಾಲು ಸಿಕ್ಕಿಬೀಳುತ್ತದೆ. ಡೆಕೇನ್ ಹತ್ತು, ಮೂರು ಮೀಥೈಲ್ ಮೂರು, ಒಟ್ಟು ಹದಿಮೂರು. ನೋನೇನ್ ಒಂಬತ್ತು, ಈಥೈಲ್ ಎರಡು, ಎರಡು ಮೀಥೈಲ್ ಎರಡು, ಅಲ್ಲೂ ಹದಿಮೂರೇ. ನೋನೇನ್ ಒಂಬತ್ತು, ಮೂರು ಮೀಥೈಲ್ ಮೂರು ಅಂದರೆ ಹನ್ನೆರಡು. ಚಿತ್ರ ನೋಡದೆಯೇ ಇದು ಬೇರೆ ಅಣು ಅಂತ ಹೇಳಬಹುದು.

ಇವರಿಗೆ ಪೂರ್ತಿ ಎರಡು ಅಂಕ ಕೊಡುವುದು ಅಂತ ತೀರ್ಮಾನವಾಯಿತು, ಆದರೆ ಮಾಸಿದ ಪ್ರತಿ ಕೈಗೆ ಸಿಕ್ಕಿದವರಿಗೆ ಮಾತ್ರ. ಒಬ್ಬನ ಪ್ರತಿಯಲ್ಲಿ CH3 ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ಕೊಡಲಿಲ್ಲ.

ಸಾಲು ಬೇರೆ, ಸರಪಳಿ ಬೇರೆ

ಎರಡನೆಯದು ನೋನೇನ್ ಬರೆದ ಹುಡುಗನದು. ಅವನು ಅಡ್ಡಸಾಲನ್ನೇ ಸರಪಳಿ ಅಂದುಕೊಂಡಿದ್ದ. ಕೈಯಲ್ಲಿ ಬರೆದ ಚಿತ್ರಗಳಲ್ಲಿ ಇದು ಜಾಸ್ತಿ. ಅಡ್ಡಡ್ಡ ನೀಟಾಗಿ ಬರೆದದ್ದು ಮುಖ್ಯ, ಮೇಲೆ ಕೆಳಗೆ ಇಳಿಬಿಟ್ಟದ್ದು ಕವಲು ಅಂತ ಕಣ್ಣು ತಾನೇ ತೀರ್ಮಾನ ಮಾಡಿಬಿಡುತ್ತದೆ. ಪ್ರಶ್ನೆ ಬರೆಯುವವರು ಬೇಕೆಂದೇ ಸರಪಳಿಯನ್ನು ಒಂದು ಕಡೆ ಮಡಿಸಿ ಕೆಳಗೆ ಇಳಿಸುತ್ತಾರೆ. ಇಲ್ಲಿ ಆದದ್ದೂ ಅದೇ.

ಅವನಿಗೆ ತೋರಿಸಿದ್ದು ಹೀಗೆ. ಉದ್ದದ ಸರಪಳಿ ಯಾವತ್ತೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ. ಆಲ್ಕೇನ್‌ನಲ್ಲಿ ತುದಿ ಅಂದರೆ CH3. ಹಾಗಾಗಿ ಮೊದಲು ಎಲ್ಲ CH3ಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕು. ಇಲ್ಲಿ ಐದು ಸಿಗುತ್ತವೆ. ಈಗ ಎಡತುದಿಯ CH3 ಮೇಲೆ ಪೆನ್ಸಿಲ್ ಇಟ್ಟು, ಎತ್ತದೆ, ಉಳಿದ ಒಂದೊಂದು ಸುತ್ತಿಗೂ ಹೋಗುತ್ತ ಕಾರ್ಬನ್ ಎಣಿಸು. ಪಕ್ಕದ ಕೆಳಗಿನ ಮೀಥೈಲ್‌ಗೆ ಮೂರು. ಬಲಗಡೆ ಮೇಲಿರುವ ಮೀಥೈಲ್‌ಗೆ ಎಂಟು. ಸಾಲಿನ ಬಲತುದಿಗೆ ಒಂಬತ್ತು. ಕೆಳಗೆ ನೇತಾಡುವ ಈಥೈಲ್‌ನ ತುದಿಗೆ ಹತ್ತು.

ಅಲ್ಲಿಗೆ ಅವನಿಗೆ ತಾನೇ ಅರ್ಥವಾಯಿತು. "ಹೌದಲ್ವಾ, ಕೆಳಗೆ ಇಳಿದ್ರೆ ಒಂದು ಜಾಸ್ತಿ ಸಿಗುತ್ತೆ" ಅಂದ. ಬಲಗಡೆಯ ಮೂರು ತುದಿಗಳ ನಡುವೆಯೂ ಎಣಿಸಿ ನೋಡಿದೆವು. ಅವು ನಾಲ್ಕು, ಐದರ ಮೇಲೆ ಹೋಗುವುದಿಲ್ಲ. ಎಡಗಡೆ ಕೆಳಗಿನ ಮೀಥೈಲ್‌ನಿಂದ ಹೊರಟರೂ ಹತ್ತೇ ಬರುತ್ತದೆ. ಆದರೆ ಅದೂ ಎಡತುದಿಯೂ ಒಂದೇ ಕಾರ್ಬನ್‌ಗೆ ಅಂಟಿದ ಎರಡು ಮೀಥೈಲ್‌ಗಳು. ಯಾವುದನ್ನು ಸರಪಳಿಗೆ ಸೇರಿಸಿಕೊಂಡರೂ ಹೆಸರು ಬದಲಾಗುವುದಿಲ್ಲ.

ಮೌಲ್ಯಮಾಪನ ಮಾಡುವವರಿಗೆ ಇದಕ್ಕಿಂತ ಬೇಗ ಕಣ್ಣಿಗೆ ಬೀಳುವ ಗುರುತು ಒಂದಿದೆ. ಆಲ್ಕೇನ್ ಹೆಸರಿನಲ್ಲಿ "2-ಈಥೈಲ್" ಕಂಡರೆ ಸರಪಳಿ ತಪ್ಪು. ಚಿತ್ರ ನೋಡುವುದೇ ಬೇಡ. ಕಾರಣ ಸರಳ. ಎರಡನೇ ಕಾರ್ಬನ್‌ನಿಂದ ಸರಪಳಿಯ ತುದಿಯ ಕಡೆ ಉಳಿದಿರುವುದು ಒಂದೇ ಕಾರ್ಬನ್. ಕವಲಿನಲ್ಲಿ ಎರಡು ಇವೆ. ಆ ಒಂದನ್ನು ಬಿಟ್ಟು ಈ ಎರಡನ್ನು ಹಿಡಿದರೆ ಸರಪಳಿ ಉದ್ದವಾಗುತ್ತದೆ. ಅದೇ ರೀತಿ 1-ಮೀಥೈಲ್ ಇರಲಾರದು, 3-ಪ್ರೊಪೈಲ್ ಇರಲಾರದು. ಇನ್ನೊಂದು ತುದಿಯಿಂದಲೂ ಇದೇ ಲೆಕ್ಕ. ನೋನೇನ್‌ನಲ್ಲಿ 8-ಈಥೈಲ್ ಅಂದರೆ ಬಲಗಡೆಯಿಂದ 2-ಈಥೈಲೇ. ಯಾರಾದರೂ 8-ಈಥೈಲ್-2,7-ಡೈಮೀಥೈಲ್‌ನೋನೇನ್ ಅಂತ ಬರೆದರು ಅಂದುಕೊಳ್ಳಿ. ಸರಪಳಿಯೂ ತಪ್ಪು, ದಿಕ್ಕೂ ತಪ್ಪು.

ಈ ಗುರುತು ಎಲ್ಲವನ್ನೂ ಹಿಡಿಯುವುದಿಲ್ಲ. ಕವಲು ಮತ್ತು ತುದಿ ಸಮಸಮ ಇದ್ದಾಗ ಅದು ಸುಮ್ಮನಿರುತ್ತದೆ. 3-ಐಸೊಪ್ರೊಪೈಲ್‌ಹೆಕ್ಸೇನ್ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಅಲ್ಲಿ ಐಸೊಪ್ರೊಪೈಲ್ ಒಳಗಿಂದ ಹೋದರೂ ಸರಪಳಿ ಆರೇ. ಉದ್ದ ಸಮ ಆದಾಗ ಜಾಸ್ತಿ ಕವಲು ಸಿಗುವ ಸರಪಳಿಯನ್ನು ಆರಿಸಬೇಕು. ಆಗ ಹೆಸರು 3-ಈಥೈಲ್-2-ಮೀಥೈಲ್‌ಹೆಕ್ಸೇನ್ ಆಗುತ್ತದೆ.

ಹುಡುಗನಿಗೆ ಸೊನ್ನೆ ಕೊಟ್ಟದ್ದು ಮಾತ್ರ ಸರಿಯಿರಲಿಲ್ಲ. ಅವನು ಹಿಡಿದ ಸರಪಳಿಗೆ 2,3,8 ಅನ್ನುವುದು ಸರಿಯಾದ ದಿಕ್ಕು, ಇನ್ನೊಂದು ಕಡೆಯಿಂದ 2,7,8 ಬರುತ್ತಿತ್ತು. ಈಥೈಲ್ ಮೊದಲು, ಮೀಥೈಲ್ ಆಮೇಲೆ, ಅಲ್ಪವಿರಾಮ, ಅಡ್ಡಗೆರೆ ಎಲ್ಲ ಸರಿಯಿತ್ತು. ಸರಪಳಿಯ ಒಂದು ಅಂಕ ಹೋಗಲಿ, ಉಳಿದ ಒಂದು ಅವನದ್ದೇ ಅಲ್ವಾ? ಅಂಕ ಹಂಚಿಕೆ ಇರುವುದೇ ಅದಕ್ಕೆ. ಹಿರಿಯರು ಇದಕ್ಕೆ ತಕರಾರು ಮಾಡಲಿಲ್ಲ.

ಕೀ ಉತ್ತರದ ಮೇಲೆ ಚರ್ಚೆ

ತಕರಾರು ಬಂದದ್ದು ಹುಡುಗಿಯ ಉತ್ತರದ ಮೇಲೆ. ಸರಪಳಿ ಡೆಕೇನ್ ಅನ್ನುವುದರಲ್ಲಿ ಅವಳಿಗೂ ಹಿರಿಯರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಎಡದಿಂದ ಎಣಿಸಿದರೆ 2,7,8. ಕೆಳಗಿನ ತುದಿಯಿಂದ ಎಣಿಸಿದರೆ 3,4,9. ಹಿರಿಯರು ಕೂಡಿಸಿ ತೋರಿಸಿದರು. ಮೊದಲನೆಯದರ ಮೊತ್ತ 17, ಎರಡನೆಯದರದು 16. "ಮೊತ್ತ ಕಡಿಮೆ ಇರಬೇಕು. ನಾವು ಓದಿದ್ದೂ ಹಾಗೇ, ಪಾಠ ಮಾಡಿದ್ದೂ ಹಾಗೇ" ಅಂದರು. ಅವರ ಮೇಜಿನ ಮೇಲಿದ್ದ ಗೈಡ್‌ನಲ್ಲೂ ಹಾಗೇ ಇತ್ತು.

ಮೇಡಂ ಮೊದಲು ಎನ್‌ಸಿಇಆರ್‌ಟಿ ಪುಸ್ತಕ ತೆಗೆದರು. ಒಳ್ಳೆಯ ಹೆಜ್ಜೆಯೇ, ಆದರೆ ಅದರಿಂದ ಏನೂ ಇತ್ಯರ್ಥವಾಗಲಿಲ್ಲ. 11ನೇ ತರಗತಿಯ ಪುಸ್ತಕದಲ್ಲಿ ಕವಲುಗಳಿಗೆ ಆದಷ್ಟು ಕಡಿಮೆ ಸಂಖ್ಯೆ ಬರಬೇಕು ಅಂತ ಹೇಳಿ, 2,5,6-ಟ್ರೈಮೀಥೈಲ್‌ಆಕ್ಟೇನ್ ಸರಿ, 3,4,7 ತಪ್ಪು ಅನ್ನುವ ಉದಾಹರಣೆ ಕೊಟ್ಟಿದ್ದಾರೆ. ಹಿರಿಯರು ಅದನ್ನೂ ಕೂಡಿಸಿದರು. 13 ಮತ್ತು 14. "ನೋಡಿ, ಮೊತ್ತ ಕಡಿಮೆ ಇರೋದೇ ಸರಿ ಅಂತ ಅವರೂ ಹೇಳ್ತಿದ್ದಾರೆ" ಅಂದರು. ಪುಸ್ತಕ ಹಾಗೆ ಹೇಳಿಲ್ಲ. ಆದರೆ ಆ ಉದಾಹರಣೆ ಎರಡು ವಾದಕ್ಕೂ ಹೊಂದುತ್ತದೆ, ಹಾಗಾಗಿ ಯಾರನ್ನೂ ತಿದ್ದುವುದಿಲ್ಲ.

ನಿಜವಾದ ನಿಯಮದಲ್ಲಿ ಕೂಡಿಸುವ ಮಾತೇ ಇಲ್ಲ. ಎರಡು ದಿಕ್ಕಿನ ಸಂಖ್ಯೆಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದುಕೊಳ್ಳಬೇಕು. ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಹೋಲಿಸುತ್ತ ಹೋಗಬೇಕು. ಎಲ್ಲಿ ಮೊದಲ ಸಲ ವ್ಯತ್ಯಾಸ ಕಾಣುತ್ತದೋ ಅಲ್ಲಿ ಚಿಕ್ಕ ಸಂಖ್ಯೆ ಇರುವ ಸಾಲು ಗೆದ್ದಿತು. ಮುಂದೆ ನೋಡುವುದೇ ಇಲ್ಲ. ಪದಕೋಶದಲ್ಲಿ ಎರಡು ಪದಗಳ ಪೈಕಿ ಯಾವುದು ಮೊದಲು ಬರುತ್ತದೆ ಅಂತ ನೋಡುವ ಹಾಗೆ. ಇಲ್ಲಿ 2 ಮತ್ತು 3. ಅಲ್ಲಿಗೇ ಮುಗಿಯಿತು. 7ಕ್ಕೂ 4ಕ್ಕೂ ಎಷ್ಟು ಅಂತರ ಇದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಬರೀ ನಿಯಮ ಹೇಳಿದರೆ ಹಿರಿಯರು ಒಪ್ಪುವವರಲ್ಲ, ಒಪ್ಪಬೇಕಾಗಿಯೂ ಇಲ್ಲ. ಇಷ್ಟು ವರ್ಷ ಮೊತ್ತದ ಲೆಕ್ಕ ಅವರಿಗೆ ಕೈಕೊಟ್ಟಿರಲಿಲ್ಲ. ಯಾಕೆ ಕೈಕೊಟ್ಟಿರಲಿಲ್ಲ ಅನ್ನುವುದನ್ನು ಕಾಗದದ ಮೇಲೆ ಬಿಡಿಸಿದ ಮೇಲೆಯೇ ಮಾತು ಮುಂದೆ ಹೋದದ್ದು.

ಡೆಕೇನ್‌ನಲ್ಲಿ ದಿಕ್ಕು ಬದಲಿಸಿದರೆ ಪ್ರತಿ ಸಂಖ್ಯೆಯೂ 11ರಿಂದ ಕಳೆದಷ್ಟು ಆಗುತ್ತದೆ. 2 ಹೋಗಿ 9, 7 ಹೋಗಿ 4, 8 ಹೋಗಿ 3. ಕವಲು ಎರಡೇ ಇದ್ದರೆ, ಯಾವ ಕವಲು ತನ್ನ ತುದಿಗೆ ಹತ್ತಿರ ಇದೆಯೋ ಆ ಕಡೆಯಿಂದ ಎಣಿಸಿದಾಗ ಮೊದಲ ಸಂಖ್ಯೆಯೂ ಚಿಕ್ಕದು, ಮೊತ್ತವೂ ಚಿಕ್ಕದು. ಇದು ಯಾವ ಸರಪಳಿಯಲ್ಲೂ ತಪ್ಪುವುದಿಲ್ಲ. ಕವಲು ಒಂದೇ ಇದ್ದರಂತೂ ಹೇಳುವುದೇ ಬೇಡ. ನಮ್ಮ ಪಿಯು ಪ್ರಶ್ನೆಗಳಲ್ಲಿ ಬಹುಪಾಲು ಒಂದು ಅಥವಾ ಎರಡು ಕವಲಿನವೇ. ಹಾಗಾಗಿ ಮೊತ್ತದ ನಿಯಮ ಎಷ್ಟು ವರ್ಷ ಬೇಕಾದರೂ ಸಿಕ್ಕಿಬೀಳದೆ ಓಡಾಡಬಹುದು.

ಮೂರನೆಯ ಕವಲು ಬಂದಾಗ ಕತೆ ಬದಲಾಗುತ್ತದೆ. ನಮ್ಮ ಅಣುವಿನಲ್ಲಿ ಎರಡು ಕೊನೆಯ ಕವಲುಗಳನ್ನಷ್ಟೇ ನೋಡಿ. ಎಡದಿಂದ 2 ಮತ್ತು 8, ಮೊತ್ತ 10. ಬಲದಿಂದ 3 ಮತ್ತು 9, ಮೊತ್ತ 12. ಎಡಕ್ಕೆ ಎರಡರ ಲಾಭ. ಈಗ ನಡುವಿನ ಕವಲನ್ನು ಸೇರಿಸಿ. ಅದು ಎಡದಿಂದ 7, ಬಲದಿಂದ 4. ಬಲಕ್ಕೆ ಮೂರರ ಲಾಭ. ಒಟ್ಟು ಲೆಕ್ಕದಲ್ಲಿ ಮೊತ್ತ ಬಲಕ್ಕೆ ವಾಲಿತು. ಆದರೆ ಮೊದಲ ಕವಲು ಯಾವ ತುದಿಗೆ ಹತ್ತಿರ ಅನ್ನುವುದನ್ನು ನಡುವಿನ ಕವಲು ಬದಲಿಸಲಾರದು.

ಇನ್ನೂ ಒಂದು ಚಿಕ್ಕ ಅಣುವನ್ನು ಮೇಡಂ ತಾವೇ ಹುಡುಕಿ ಬರೆದರು. ಹೆಪ್ಟೇನ್, ಎರಡರಲ್ಲಿ ಒಂದು ಮೀಥೈಲ್, ಐದರಲ್ಲಿ ಎರಡು. ಎಡದಿಂದ 2,5,5. ಬಲದಿಂದ 3,3,6. ಎರಡರ ಮೊತ್ತವೂ 12! ಮೊತ್ತದ ನಿಯಮ ಇಲ್ಲಿ ಬಾಯಿಯೇ ಬಿಡುವುದಿಲ್ಲ. "ಹಾಗಾದ್ರೆ ಇದಕ್ಕೆ ಏನು ಹೆಸರು ಕೊಡ್ತೀರಿ ಸಾರ್?" ಅಂತ ಕೇಳಿದರು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ "ಎರಡರಿಂದ ಶುರುವಾಗೋದೇ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ನಕ್ಕರು. ಚರ್ಚೆ ತಿರುಗಿದ್ದು ಅಲ್ಲಿ. ಅದೇ ಅಣುವಿನ ಕವಲುಗಳ ನಡುವೆ ಇನ್ನೊಂದು ಕಾರ್ಬನ್ ಸೇರಿಸಿ ಆಕ್ಟೇನ್ ಮಾಡಿದರೆ 2,6,6 ಮತ್ತು 3,3,7 ಬರುತ್ತವೆ. ಮೊತ್ತ 14 ಮತ್ತು 13. ಅಲ್ಲಿ ಮೊತ್ತದ ನಿಯಮ ನೇರವಾಗಿ ತಪ್ಪು ಹೆಸರನ್ನೇ ಕೊಡುತ್ತದೆ.

ಕೊನೆಗೆ ಐಯುಪಿಎಸಿಯ 1979ರ ನಿಯಮಾವಳಿ ತೆಗೆದು ನೋಡಿದೆವು. ಅದರ A-2.2 ನಿಯಮದಲ್ಲಿ ಈ ಹೋಲಿಕೆಯ ಕ್ರಮವನ್ನು ಹೇಳಿ ಉದಾಹರಣೆ ಕೊಟ್ಟಿದ್ದಾರೆ. ಅದರಲ್ಲಿ ಒಂದು 2,7,8-ಟ್ರೈಮೀಥೈಲ್‌ಡೆಕೇನ್. ಪಕ್ಕದಲ್ಲೇ 3,4,9 ಅಲ್ಲ ಅಂತಲೂ ಬರೆದಿದೆ. ನಮ್ಮ ಪ್ರಶ್ನೆಯ ಅಣುವೇ! ಹಿರಿಯರು ಅದನ್ನು ಯಾವುದೋ ಹಳೆಯ ಪ್ರಶ್ನೆಸಂಗ್ರಹದಿಂದ ಎತ್ತಿಕೊಂಡಿದ್ದರಂತೆ. ಆ ಪ್ರಶ್ನೆ ಯಾಕೆ ಹುಟ್ಟಿತ್ತು ಅನ್ನುವುದು ಆಗ ಗೊತ್ತಾಯಿತು. ಮೊತ್ತ ಕೂಡಿಸುವವರನ್ನು ಹಿಡಿಯಲೆಂದೇ ಮಾಡಿದ ಅಣು ಅದು.

ಅಂಕ ಏನಾಯಿತು

2,7,8 ಬರೆದವರಿಗೆಲ್ಲ ಪೂರ್ತಿ ಅಂಕ. ಇದರಲ್ಲಿ ಮಾತಿಲ್ಲ. 3,4,9 ಬರೆದವರದ್ದೇ ಕಷ್ಟವಾಯಿತು. ಅವರಲ್ಲಿ ಹೆಚ್ಚಿನವರು ಹಿರಿಯರ ಸೆಕ್ಷನ್‌ನವರು. ಹೇಳಿಕೊಟ್ಟ ಹಾಗೆ ಬರೆದಿದ್ದಾರೆ, ಅಂಕ ಹೇಗೆ ಕಡಿಯುವುದು? ಮೇಡಂ ಸೆಕ್ಷನ್‌ನಲ್ಲೂ ಕೆಲವರು ಹಾಗೇ ಬರೆದಿದ್ದರು, ಆದರೆ ಅವರಿಗೆ ಸರಿಯಾದ ನಿಯಮ ಪಾಠವಾಗಿತ್ತು. ಕೊನೆಗೆ ಎರಡೂ ಸೆಕ್ಷನ್‌ಗೆ ಒಂದೇ ಲೆಕ್ಕ ಅಂತ ಇಟ್ಟುಕೊಂಡರು. ಈ ಸಲ ಅರ್ಧ ಅಂಕ ಕಡಿಯುವುದಿಲ್ಲ, ಆದರೆ ಉತ್ತರದ ಪಕ್ಕ ಸರಿಯಾದ ಹೆಸರು ಬರೆದು ಕೊಡುವುದು. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಂಕ ಕೊಟ್ಟ ಉತ್ತರವನ್ನು ಮಕ್ಕಳು ಸರಿ ಅಂತಲೇ ನೆನಪಿಟ್ಟುಕೊಳ್ಳುತ್ತಾರೆ, ಪಕ್ಕದ ಬರಹವನ್ನು ಓದುವುದಿಲ್ಲ. ಅರ್ಧ ಅಂಕ ಕಡಿದು, ಇನ್ನೊಂದು ಚಿಕ್ಕ ಪ್ರಶ್ನೆ ಕೊಟ್ಟು ಅದನ್ನು ವಾಪಸ್ ಗಳಿಸಲು ಅವಕಾಶ ಕೊಡಬಹುದಿತ್ತು. ಆದರೆ ಕಿರುಪರೀಕ್ಷೆಗೆ ಅಷ್ಟೆಲ್ಲ ಯಾಕೆ ಅಂದರು.

ಹಿರಿಯರು ತಮ್ಮ ತರಗತಿಯಲ್ಲಿ ಆ ಪಾಠವನ್ನು ಮತ್ತೆ ಮಾಡಿದರು. 2,5,5 ಮತ್ತು 3,3,6ರ ಹೆಪ್ಟೇನ್‌ನಿಂದಲೇ ಶುರು ಮಾಡಿದರಂತೆ. ಅದು ಜಾಣತನ. ಮೊತ್ತ ಸಮ ಬಂದು ಮಕ್ಕಳು ತಾವೇ ತಬ್ಬಿಬ್ಬಾದ ಮೇಲೆ ನಿಯಮ ಹೇಳಿದರೆ ಅದು ತಲೆಗೆ ಹೋಗುತ್ತದೆ.

ಪ್ರಶ್ನೆ ತಯಾರಿಸುವ ಕ್ರಮದಲ್ಲೂ ಒಂದಿಷ್ಟು ಬದಲಾಯಿತು. ಕೈಯಲ್ಲಿ ಬರೆದ ಪ್ರತಿ ರಚನೆಯ ಅಣುಸೂತ್ರ ಕೀ ಉತ್ತರದಲ್ಲಿ ಇರಬೇಕು. ಜೆರಾಕ್ಸ್ ಬಂದ ಮೇಲೆ ಒಂದು ಪ್ರತಿಯನ್ನು ತೆಗೆದು ಆ ಸೂತ್ರಕ್ಕೆ ಎಣಿಸಿ ನೋಡಬೇಕು. ಕೀ ಉತ್ತರದಲ್ಲಿ ಎರಡು ದಿಕ್ಕಿನ ಸಂಖ್ಯೆಗಳನ್ನೂ ಬರೆದು, ಯಾವ ಸ್ಥಾನದಲ್ಲಿ ಮೊದಲ ವ್ಯತ್ಯಾಸ ಬಂತು ಅಂತ ಗುರುತಿಸಬೇಕು. ಎರಡೂ ಸಾಲು ಒಂದೇ ಆಗಿಬಿಟ್ಟರೆ, ಉದಾಹರಣೆಗೆ ಹೆಪ್ಟೇನ್‌ನಲ್ಲಿ ಮೂರು ಮತ್ತು ಐದರಲ್ಲಿ ಈಥೈಲ್, ಮೀಥೈಲ್ ಇದ್ದರೆ, ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬರುವ ಈಥೈಲ್‌ಗೆ ಚಿಕ್ಕ ಸಂಖ್ಯೆ. ಅದನ್ನೂ ಕೀಯಲ್ಲಿ ಬರೆದಿಡಬೇಕು.

ಅಂಕುಡೊಂಕು ಗೆರೆಯ ಚಿತ್ರಗಳಿಗೂ ಇದೇ ಕ್ರಮ ಅಂತ ಮೇಡಂ ಸೇರಿಸಿದರು. ಅಲ್ಲಿ ಅಕ್ಷರಗಳೇ ಇರುವುದಿಲ್ಲವಾದ್ದರಿಂದ ತಪ್ಪು ಇನ್ನೂ ಸುಲಭ. ಡೆಕೇನ್ ಬರೆಯಿರಿ ಅಂದರೆ ಮಕ್ಕಳು ಹತ್ತು ಗೆರೆ ಎಳೆಯುತ್ತಾರೆ. ಹತ್ತು ಗೆರೆಗೆ ಹನ್ನೊಂದು ಕಾರ್ಬನ್. ಒಂಬತ್ತು ಗೆರೆ, ಎಂಟು ಮೂಲೆ, ಎರಡು ತುದಿ ಇದ್ದರೆ ಅದು ಡೆಕೇನ್.

ಗುರುತಿನ ಮಿತಿ

ಮುಂದಿನ ಪರೀಕ್ಷೆಯಲ್ಲಿ ಹೊಸದೊಂದು ತೊಡಕು ಬಂತು. ಈ ಸಲ ಮೇಡಂ ಪತ್ರಿಕೆ ತಿದ್ದುತ್ತಿದ್ದರು. 2-ಈಥೈಲ್‌ಹೆಕ್ಸಾನ್-1-ಆಲ್ ಅಂತ ಒಬ್ಬ ಬರೆದಿದ್ದ. "2-ಈಥೈಲ್" ಕಂಡ ಕೂಡಲೇ ಅವರ ಕೆಂಪು ಪೆನ್ನು ಮೇಲೆದ್ದಿತು. ಚಿತ್ರದ ಕಡೆ ಒಮ್ಮೆ ನೋಡಿ ಕೆಳಗಿಳಿಸಿದರು. ಹೆಸರು ಸರಿಯಾಗಿಯೇ ಇತ್ತು. ಅಣುವಿನಲ್ಲಿ ಉದ್ದದ ಸರಪಳಿ ಏಳು ಕಾರ್ಬನ್‌ನದು, ನಿಜ. ಆದರೆ ಆ ಸರಪಳಿಗೆ OH ಹೊತ್ತ ಕಾರ್ಬನ್ ಸಿಗುವುದಿಲ್ಲ. ಮುಖ್ಯ ಗುಂಪು ಇರುವ ಕಾರ್ಬನ್ ಸರಪಳಿಯ ಒಳಗೆ ಇರಲೇಬೇಕು, ಉದ್ದ ಆಮೇಲೆ. ಹಾಗಾಗಿ ಆರು ಕಾರ್ಬನ್‌ನ ಸರಪಳಿಯೇ ಸರಿ. ಪಿವಿಸಿಯನ್ನು ಮೆದುಗೊಳಿಸುವ ರಾಸಾಯನಿಕಗಳ ತಯಾರಿಕೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸುವ ಆಲ್ಕೋಹಾಲ್ ಇದು. 

ಅಂದರೆ 2-ಈಥೈಲ್ ಗುರುತು ಆಲ್ಕೇನ್‌ಗೆ ಮಾತ್ರ. ಜೋಡಿಬಂಧ ಬಂದರೆ ಇನ್ನೂ ಸ್ವಲ್ಪ ಗೊಂದಲ ಇದೆ. ನಮ್ಮ ಪಠ್ಯದ ಪ್ರಕಾರ ಜೋಡಿಬಂಧ ಸರಪಳಿಯ ಒಳಗೆ ಇರಬೇಕು, ಹಾಗಾಗಿ 2-ಈಥೈಲ್‌ಹೆಕ್ಸ್-1-ಈನ್ ಸರಿಯಾದ ಹೆಸರು. ಐಯುಪಿಎಸಿಯ 2013ರ ಶಿಫಾರಸುಗಳಲ್ಲಿ ಮಾತ್ರ ಸರಪಳಿಯ ಉದ್ದಕ್ಕೆ ಮೊದಲ ಸ್ಥಾನ, ಜೋಡಿಬಂಧ ಆಮೇಲೆ. ಅದರಂತೆ ಅದೇ ಅಣು 3-ಮೀಥೈಲಿಡೀನ್‌ಹೆಪ್ಟೇನ್ ಆಗುತ್ತದೆ. ಪಿಯು ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದರೆ ಏನು ಮಾಡುವುದು ಅಂತ ಮೇಡಂ ಕೇಳಿದರು. ಹಿರಿಯರೇ ಉತ್ತರ ಕೊಟ್ಟರು: ಬರೆದವನನ್ನು ಕರೆದು ಎಲ್ಲಿ ಓದಿದೆ ಅಂತ ಕೇಳಿ, ವಿವರಿಸಿದರೆ ಪೂರ್ತಿ ಅಂಕ ಕೊಡಿ, ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಪಠ್ಯದ ಹೆಸರನ್ನೇ ಬರೆಯಲು ಹೇಳಿ. ಇಲ್ಲಿಯವರೆಗೆ ಯಾರೂ ಹಾಗೆ ಬರೆದಿಲ್ಲ.